160ರಲ್ಲಿ ಸದ್ದಿಲ್ಲ, ಆದರೆ ಬಿಪಿ 184
"ಒಂದೇ ರೋಗಿಗೆ ನನಗೆ 148/92 ಬಂತು, ಮೇಡಂ ನೋಡಿದಾಗ 184/92. ನಾನು ಕಫ್ಫನ್ನು 160ರವರೆಗೆ ಏರಿಸಿ ನಿಧಾನವಾಗಿಯೇ ಇಳಿಸಿದ್ದೆ. ತಪ್ಪು ಎಲ್ಲಾಯಿತು?"

ಇಳಿಸಿದ್ದರಲ್ಲಿ ತಪ್ಪಿಲ್ಲ, ಏರಿಸಿದ್ದು ಸಾಲಲಿಲ್ಲ. ಕೆಲವರಲ್ಲಿ, ಅದರಲ್ಲೂ ಬಿಪಿ ಹೆಚ್ಚಿರುವ ವಯಸ್ಸಾದವರಲ್ಲಿ, ಟಪ್ ಟಪ್ ಸದ್ದು ಶುರುವಾಗಿ, ನಡುವೆ ಮಾಯವಾಗಿ, ಮತ್ತೆ ಕೇಳಿಸುತ್ತದೆ. ಈ ರೋಗಿಯಲ್ಲಿ ಸದ್ದು 184ಕ್ಕೆ ಶುರುವಾಗಿ, ಸುಮಾರು 166ಕ್ಕೆ ನಿಂತು, 148ಕ್ಕೆ ಮರಳಿದೆ ಎಂದುಕೊಳ್ಳಿ. ನಿಮ್ಮ 160 ಆ ಮೌನದೊಳಗೇ ಇತ್ತು. ಹಾಗಾಗಿ ಮರಳಿ ಬಂದ ಸದ್ದೇ ಮೊದಲನೆಯದೆನಿಸಿತು.

ಇದನ್ನು ಹಿಡಿಯುವುದು ಕಿವಿಯಲ್ಲ, ಬೆರಳು. ಮೌನದ ಹೊತ್ತಲ್ಲೂ ಮಣಿಕಟ್ಟಿನ ನಾಡಿ ಬೆರಳಿಗೆ ಸಿಗುತ್ತಿರುತ್ತದೆ. ಮೊದಲು ನಾಡಿ ಹಿಡಿದು ಕಫ್ ಏರಿಸಿ. ನಾಡಿ 180ರ ಸುಮಾರಿಗೆ ನಿಂತಿತೆನ್ನಿ, ಗಾಳಿ ಪೂರ್ತಿ ಬಿಟ್ಟು ಒಂದು ನಿಮಿಷ ಕಾಯಿರಿ. ಆಮೇಲೆ ಸ್ಟೆತಸ್ಕೋಪ್ ಇಟ್ಟು 210ಕ್ಕೆ, ಅಂದರೆ 30 ಹೆಚ್ಚಿಗೆ, ಬೇಗ ಏರಿಸಿ ಸೆಕೆಂಡಿಗೆ 2–3ರಂತೆ ಇಳಿಸಿ.

ಇನ್ನೊಂದು ತಪ್ಪು ಇದಕ್ಕಿಂತ ದಾರಿ ತಪ್ಪಿಸುವಂಥದ್ದು: 166ಕ್ಕೆ ಸದ್ದು ನಿಂತಾಗಲೇ ವಾಲ್ವ್ ತೆರೆದುಬಿಟ್ಟರೆ 184/166 ಎಂದು ಬರೆಯುತ್ತೀರಿ. ಎರಡು ಅಂಕಿ ಇಷ್ಟು ಹತ್ತಿರ ಬಂದರೆ ಅನುಮಾನಿಸಿ, ಸದ್ದು ನಿಂತ ಮೇಲೂ ಇಳಿಸುತ್ತಾ ಕೇಳುತ್ತಿರಿ.

ಸದ್ದು ತಪ್ಪಿತೆಂದು ನಡುವೆಯೇ ಮತ್ತೆ ಗಾಳಿ ತುಂಬಬೇಡಿ. ಕೈಯಲ್ಲಿ ರಕ್ತ ಕಟ್ಟಿಕೊಂಡು ಸದ್ದು ಇನ್ನೂ ಕ್ಷೀಣವಾಗುತ್ತದೆ. ಪೂರ್ತಿ ಇಳಿಸಿ, ರೋಗಿಯ ಕೈಯನ್ನು ಅರ್ಧ ನಿಮಿಷ ತಲೆಯ ಮೇಲಕ್ಕೆ ಎತ್ತಿಸಿ, ಹಾಗೆಯೇ ಕಫ್ ಏರಿಸಿ, ಕೈಯನ್ನು ಹೃದಯದ ಮಟ್ಟಕ್ಕೆ ತಂದು ಕೇಳಿ. ಮೌನ ಕಂಡಿದ್ದರೆ ಚಾರ್ಟ್‌ನಲ್ಲಿ 184/92ರ ಜೊತೆಗೆ "166ರಿಂದ 148ರವರೆಗೆ ಸದ್ದಿಲ್ಲ" ಎಂದೂ ಬರೆಯಿರಿ.