ಹಡಗಿನಲ್ಲಿದ್ದ ಮಾಲು ಯಾವ ವರ್ಷದ ಲೆಕ್ಕಕ್ಕೆ ಸೇರಬೇಕು?

ಪ್ರಶ್ನೆ: "ವರ್ಷದ ಕೊನೆಯ ದಿನ ನಮ್ಮ ಇಂಪೋರ್ಟ್ ಮಾಲು ಇನ್ನೂ ಹಡಗಿನಲ್ಲಿತ್ತು. ಸಿಐಎಫ್ ಡೀಲ್, ಇನ್‌ವಾಯ್ಸ್ ಹಳೇ ವರ್ಷದ್ದು, ಗೋಡೌನ್‌ಗೆ ಬಂದಿದ್ದು ಹೊಸ ವರ್ಷದಲ್ಲಿ. ಸ್ಟಾಕ್ ಕೌಂಟ್‌ನಲ್ಲಿ ಹೇಗೂ ಇಲ್ಲ, ಬಿಲ್ಲನ್ನೂ ಹೊಸ ವರ್ಷಕ್ಕೇ ಹಾಕಿಬಿಟ್ಟರೆ ಲಾಭದಲ್ಲಿ ವ್ಯತ್ಯಾಸ ಬರಲ್ಲ ಅಲ್ವಾ?"

ಲಾಭದಲ್ಲಿ ವ್ಯತ್ಯಾಸ ಬರಲ್ಲ, ನಿಜ. ಹೆಚ್ಚುಕಡಿಮೆ ಇದೇ ಮಾತನ್ನು ನಾನು ನಮ್ಮ ಫೈನಾನ್ಸ್ ಮ್ಯಾನೇಜರ್‌ಗೆ ಹೇಳಿದ್ದೆ, ಅವರೂ ಹೂಂ ಅಂದಿದ್ದರು. ಕೊನೆಗೆ ಬ್ಯಾಂಕಿನವರ ಎದುರು ಕೂತು ವಿವರಣೆ ಕೊಡುವ ಪಾಡು ಅವರಿಗೇ ಬಂತು.

ಆಗ ನಾನು ಪಂಪ್ ತಯಾರಿಸುವ ಒಂದು ಕಂಪನಿಯಲ್ಲಿ ಸ್ಟೋರ್ಸ್ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಹೊರದೇಶದಿಂದ 400 ಮೋಟಾರ್ ತರಿಸಿದ್ದೆವು, ಮೌಲ್ಯ 18 ಲಕ್ಷ, ನಿಮ್ಮ ಹಾಗೆಯೇ ಸಿಐಎಫ್. ವರ್ಷದ ಕೊನೆಯ ತಿಂಗಳ 20ಕ್ಕೆ ಇನ್‌ವಾಯ್ಸ್ ಆಯಿತು, 22ಕ್ಕೆ ಮಾಲು ಹಡಗು ಹತ್ತಿತು, 29ಕ್ಕೆ ಬ್ಯಾಂಕ್ ಮೂಲಕ ದಾಖಲೆಗಳು ಕೈಸೇರಿದವು. ಹಡಗು ಬಂದು ನಿಂತಿದ್ದು ಹೊಸ ವರ್ಷದ 11ನೇ ತಾರೀಖು, ಮಾಲು ಕೈಸೇರಿತು ಎಂದು ದಾಖಲಿಸುವ ಜಿಆರ್‌ಎನ್ ನಾವು ಮಾಡಿದ್ದು 15ಕ್ಕೆ.

31ರ ಕೌಂಟ್‌ನಲ್ಲಿ ಮೋಟಾರ್ ಇಡುವ ರ‍್ಯಾಕ್ ಖಾಲಿ. ಶೀಟಿನಲ್ಲಿ ಸೊನ್ನೆ ಬರೆದೆವು. ಆದರೆ ಪರ್ಚೇಸ್‌ನ ಹುಡುಗ ದಾಖಲೆ ಬಂದ ದಿನವೇ ಬಿಲ್ ಎಂಟ್ರಿ ಮಾಡಿಬಿಟ್ಟಿದ್ದ. ಅಂದರೆ ಖರೀದಿ ಲೆಕ್ಕಕ್ಕೆ ಬಂದಿದೆ, ಕ್ಲೋಸಿಂಗ್ ಸ್ಟಾಕ್‌ನಲ್ಲಿ ಮಾಲಿಲ್ಲ, ಲಾಭ 18 ಲಕ್ಷ ಕಡಿಮೆ ತೋರಿಸುತ್ತಿದೆ. ಇದನ್ನು ಕಂಡುಹಿಡಿದವನು ನಾನೇ, ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಸರಿಪಡಿಸಲು ಎರಡೇ ದಾರಿ: ಮಾಲನ್ನೂ ಸ್ಟಾಕ್‌ಗೆ ಸೇರಿಸುವುದು, ಇಲ್ಲವೇ ಬಿಲ್ಲನ್ನು ಹೊಸ ವರ್ಷಕ್ಕೆ ತಳ್ಳುವುದು. ನಾನು ತಳ್ಳಿದೆ.

ಯಾಕೆ ತಳ್ಳಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಗುಂಡಿಯ ಅಂಚಿನಲ್ಲಿದ್ದೀರಿ. ಸಿಐಎಫ್‌ನಲ್ಲಿ ಸರಕಿನ ಬೆಲೆಯ ಜೊತೆಗೆ ನಮ್ಮ ಬಂದರಿನವರೆಗಿನ ಹಡಗು ಬಾಡಿಗೆ ಮತ್ತು ವಿಮೆ ಎರಡನ್ನೂ ಮಾರುವವನೇ ಕಟ್ಟುತ್ತಾನೆ. ಬಾಡಿಗೆ ಕೊಡುವವನು ಅವನು, ವಿಮೆ ಮಾಡಿಸಿದವನು ಅವನು, ಹಾಗಾದರೆ ನಮ್ಮ ಬಂದರು ಮುಟ್ಟುವವರೆಗೆ ಮಾಲೂ ಅವನದೇ ಎಂದು ನಾನು ಲೆಕ್ಕ ಹಾಕಿದೆ. ಕೇಳಲು ಎಷ್ಟು ಸಮಂಜಸವಾಗಿದೆ ನೋಡಿ! ಆದರೆ ಇನ್‌ಕೋಟರ್ಮ್ಸ್ ನಿಯಮದಲ್ಲಿ ಖರ್ಚು ಎಲ್ಲಿಯವರೆಗೆ ಯಾರದು ಎನ್ನುವುದು ಬೇರೆ, ನಷ್ಟದ ಹೊಣೆ ಎಲ್ಲಿ ಕೈ ಬದಲಾಯಿಸುತ್ತದೆ ಎನ್ನುವುದು ಬೇರೆ. ಸಿಐಎಫ್‌ನಲ್ಲಿ ಖರ್ಚು ನಮ್ಮ ಬಂದರಿನವರೆಗೂ ಅವನದು. ಹೊಣೆ ಮಾತ್ರ ಅವನ ಬಂದರಿನಲ್ಲಿ ಮಾಲು ಹಡಗು ಹತ್ತಿದ ಕ್ಷಣಕ್ಕೇ ನಮ್ಮದಾಗುತ್ತದೆ. ಎಫ್‌ಒಬಿಯಲ್ಲೂ ಅದೇ ಜಾಗ, ಅದೇ ಕ್ಷಣ.

ಮಜಾ ಅಂದರೆ, ಸಾಕ್ಷಿ ನನ್ನ ಫೈಲಿನಲ್ಲೇ ಇತ್ತು. ಮಾರುವವನು ಮಾಡಿಸಿದ ವಿಮೆಯ ಸರ್ಟಿಫಿಕೇಟ್ ಹಿಂಬದಿಯಲ್ಲಿ ಅವನ ಸಹಿ, ಸೀಲು ಹಾಕಿ ನಮಗೆ ವರ್ಗಾಯಿಸಿ ಕಳಿಸಿದ್ದ. ಅಂದರೆ ಹಡಗು ಮುಳುಗಿದ್ದರೆ ಕ್ಲೇಮು ಹಾಕಬೇಕಾದವರು ನಾವು, ಅವನ ಬಿಲ್ಲನ್ನಂತೂ ಪೂರ್ತಿ ಕೊಡಲೇಬೇಕು. ಮಾಲು ಪಡೆದದ್ದಕ್ಕೆ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್ ಕೂಡ 29ಕ್ಕೇ ನಮ್ಮ ಕೈಯಲ್ಲಿ. ಮನಸ್ಸು ಮಾಡಿದ್ದರೆ ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಿ ಮಾಲನ್ನು ನಡುಸಮುದ್ರದಲ್ಲೇ ಮಾರಬಹುದಿತ್ತು. ಮಾರುವ ಹಕ್ಕು ನಮ್ಮದು, ಮುಳುಗಿದರೆ ನಷ್ಟ ನಮ್ಮದು, ಸ್ಟಾಕ್ ಮಾತ್ರ ನಮ್ಮದಲ್ಲ ಅಂದರೆ ಯಾರು ಒಪ್ಪುತ್ತಾರೆ?

ಆಡಿಟರ್ ಒಪ್ಪಲಿಲ್ಲ. ಅವರು ಹಡಗಿನ ವಿಷಯ ಹುಡುಕಿಕೊಂಡು ಬಂದವರೂ ಅಲ್ಲ. ಎಂದಿನಂತೆ ಸಪ್ಲೈಯರ್‌ಗಳಿಗೆ ಬ್ಯಾಲೆನ್ಸ್ ಕನ್ಫರ್ಮೇಶನ್ ಪತ್ರ ಕಳಿಸಿದ್ದರು. ಮೋಟಾರ್ ಕಂಪನಿಯ ಉತ್ತರದಲ್ಲಿ ನಮ್ಮ ಲೆಡ್ಜರ್‌ಗಿಂತ 18 ಲಕ್ಷ ಜಾಸ್ತಿ ಇತ್ತು. ಅವನು ಹಡಗು ಹತ್ತಿಸಿದ ದಿನವೇ ಮಾರಾಟ ಬರೆದು ಮಾಲನ್ನು ತನ್ನ ಸ್ಟಾಕ್‌ನಿಂದ ತೆಗೆದಿದ್ದ, ನಾನು ನಮ್ಮ ಸ್ಟಾಕ್‌ಗೆ ಸೇರಿಸಿರಲಿಲ್ಲ. 31ನೇ ತಾರೀಖಿಗೆ ಆ 400 ಮೋಟಾರ್ ಯಾರ ಪುಸ್ತಕದಲ್ಲೂ ಇರಲಿಲ್ಲ.

ಈಗ ನಿಮ್ಮ "ಲಾಭದಲ್ಲಿ ವ್ಯತ್ಯಾಸ ಬರಲ್ಲ" ಎಂಬ ಮಾತಿಗೆ ಬರೋಣ. ಬ್ಯಾಂಕ್ ಸಾಲದ ಷರತ್ತಿನ ಪ್ರಕಾರ ನಮ್ಮ ಕರೆಂಟ್ ರೇಶಿಯೋ 1.4ಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ನಾನು ಸಿದ್ಧಪಡಿಸಿದ ಲೆಕ್ಕದಲ್ಲಿ ಚಾಲ್ತಿ ಆಸ್ತಿ 90 ಲಕ್ಷ, ಚಾಲ್ತಿ ಹೊಣೆ 60 ಲಕ್ಷ, ಅಂದರೆ 1.5. ಆರಾಮಾಗಿತ್ತು. 18 ಲಕ್ಷದ ಮಾಲು ಮತ್ತು 18 ಲಕ್ಷದ ಬಾಕಿ ಎರಡೂ ಸೇರಿದ ಮೇಲೆ 108ಕ್ಕೆ 78, ಅಂದರೆ 1.38. ಲಾಭ ಒಂದು ಪೈಸೆ ಅಲುಗಾಡಲಿಲ್ಲ, ಷರತ್ತು ಮುರಿಯಿತು. ರೇಶಿಯೋ 1ಕ್ಕಿಂತ ಮೇಲಿದ್ದಾಗ ಎರಡೂ ಕಡೆ ಒಂದೇ ಮೊತ್ತ ಸೇರಿಸಿದರೆ ಅದು ಇಳಿಯುತ್ತದೆ. ಮೊದಲ ಅಂಕಿಗಳನ್ನು ನಾವು ಆಗಲೇ ಬ್ಯಾಂಕಿಗೆ ಕೊಟ್ಟಾಗಿತ್ತು. ಬೇಕಂತಲೇ ಬಚ್ಚಿಟ್ಟಿದ್ದಲ್ಲ ಎಂದು ಅವರನ್ನು ನಂಬಿಸುವುದಕ್ಕೆ ಹಿಡಿದ ಕಾಲ, ಆ ಎಂಟ್ರಿ ಸರಿಮಾಡುವುದಕ್ಕೆ ಹಿಡಿದದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಆದ್ದರಿಂದ ಇನ್‌ವಾಯ್ಸ್ ತಾರೀಖನ್ನೂ ಬಿಡಿ, ಜಿಆರ್‌ಎನ್ ತಾರೀಖನ್ನೂ ಬಿಡಿ. ಬಿಲ್ ಆಫ್ ಲೇಡಿಂಗ್ ತೆಗೆದು "ಶಿಪ್ಡ್ ಆನ್ ಬೋರ್ಡ್" ಎಂಬ ನಮೂದಿನ ಪಕ್ಕದ ತಾರೀಖು ನೋಡಿ. ಕೆಲವು ಬಿಲ್‌ಗಳಲ್ಲಿ "ರಿಸೀವ್ಡ್ ಫಾರ್ ಶಿಪ್‌ಮೆಂಟ್" ಎಂದಷ್ಟೇ ಇರುತ್ತದೆ. ಅದು ಮಾಲನ್ನು ಸಾಗಣೆಗೆ ಒಪ್ಪಿಸಿಕೊಂಡ ದಿನ, ಹಡಗು ಹತ್ತಿದ ದಿನವಲ್ಲ, ನಡುವೆ ವರ್ಷ ಬದಲಾಗಿರಬಹುದು. ಆನ್ ಬೋರ್ಡ್ ತಾರೀಖು ಹಳೇ ವರ್ಷದಲ್ಲಿದ್ದರೆ ಮಾಲು, ಬಾಕಿ ಎರಡೂ ಹಳೇ ವರ್ಷಕ್ಕೇ. ಒಂದು ಎಚ್ಚರ: ಇನ್‌ಕೋಟರ್ಮ್ಸ್ ಹೇಳುವುದು ಹೊಣೆಯ ಬಗ್ಗೆ, ಮಾಲೀಕತ್ವದ ಬಗ್ಗೆ ಅಲ್ಲ. ನಿಮ್ಮ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದನ್ನು ಓದದೆ ತೀರ್ಮಾನಿಸಬೇಡಿ. ಸಿಐಎಫ್ ಬದಲು ಡಿಎಪಿ ಆಗಿದ್ದರೆ ನೀವು ಹೇಳಿದ್ದೇ ಸರಿಯಾಗುತ್ತಿತ್ತು, ಅದರಲ್ಲಿ ಒಪ್ಪಿದ ಜಾಗಕ್ಕೆ ಮಾಲು ತಲುಪುವವರೆಗೂ ಹೊಣೆ ಮಾರುವವನದೇ.

ಎಂಟ್ರಿ ಸರಳ. ಗೂಡ್ಸ್ ಇನ್ ಟ್ರಾನ್ಸಿಟ್ ಖಾತೆ ಡೆಬಿಟ್, ಸಪ್ಲೈಯರ್ ಕ್ರೆಡಿಟ್. ಮೌಲ್ಯ ಇನ್‌ವಾಯ್ಸ್‌ನದ್ದೇ ಇರಲಿ, ಸಿಐಎಫ್ ಬೆಲೆಯಲ್ಲಿ ಬಾಡಿಗೆ, ವಿಮೆ ಆಗಲೇ ಸೇರಿವೆ. ನಮ್ಮ ಬಂದರಿನಲ್ಲಿ ಕಟ್ಟಬೇಕಾದ ಸುಂಕ, ಇಳಿಸುವ ಕೂಲಿ ಇನ್ನೂ ಆಗಿಲ್ಲ, ಹಾಗಾಗಿ ಸೇರಿಸುವಂತಿಲ್ಲ. ವಿದೇಶಿ ಕರೆನ್ಸಿಯಾಗಿದ್ದರೆ ಸಪ್ಲೈಯರ್ ಬಾಕಿಯನ್ನು 31ರ ದರಕ್ಕೆ ಬದಲಿಸಬೇಕು, ಮಾಲಿನ ಮೌಲ್ಯ ಮಾತ್ರ ಅದರ ಹೊಣೆ ನಿಮ್ಮದಾದ ದಿನದ ದರದಲ್ಲೇ ನಿಲ್ಲುತ್ತದೆ.

ಹೊಸ ವರ್ಷದಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ಮಾಲು ಬಂದು ಜಿಆರ್‌ಎನ್ ಮಾಡಿದಾಗ ಹೆಚ್ಚಿನ ಸಾಫ್ಟ್‌ವೇರ್‌ಗಳು ತಾವೇ ಸ್ಟಾಕ್ ಡೆಬಿಟ್ ಮಾಡಿ, "ಮಾಲು ಬಂದಿದೆ, ಬಿಲ್ ಬಂದಿಲ್ಲ" ಎಂಬ ಖಾತೆಗೆ ಕ್ರೆಡಿಟ್ ಕೊಡುತ್ತವೆ. ನಿಮ್ಮ ಬಿಲ್ ಹಳೇ ವರ್ಷದಲ್ಲೇ ಬಂದಾಗಿದೆಯಲ್ಲ, ಆ ಕ್ರೆಡಿಟ್ ಅನ್ನು ಟ್ರಾನ್ಸಿಟ್ ಖಾತೆಯ ಡೆಬಿಟ್ ಜೊತೆ ನೀವೇ ಹೊಂದಿಸಿ ತೆಗೆಯಬೇಕು. ಮರೆತರೆ ಅದೇ 400 ಮೋಟಾರ್ ಒಮ್ಮೆ ಗೋಡೌನ್‌ನಲ್ಲಿ, ಇನ್ನೊಮ್ಮೆ ಸಮುದ್ರದಲ್ಲಿ ಅಂತ ಎರಡು ಸಲ ಕೂತಿರುತ್ತವೆ. ಹೊಸ ವರ್ಷದ ಕೆಲವು ತಿಂಗಳು ಕಳೆದರೂ ಟ್ರಾನ್ಸಿಟ್ ಖಾತೆಯಲ್ಲಿ ಹಳೇ ಬಾಕಿ ಕದಲದೆ ಇದ್ದರೆ ಆಗಿರುವುದು ಬಹುತೇಕ ಇದೇ.

ಕೌಂಟ್ ದಿನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಇದಕ್ಕೆ ತದ್ವಿರುದ್ಧದ ಪ್ರಸಂಗ ಅದೇ ಸಂಜೆ ಗೇಟಿನಲ್ಲಿ ನಡೆದಿತ್ತು. ಕೌಂಟ್ ಶುರುವಾಗುವ ಮುನ್ನ ಎಲ್ಲರೂ ಕೊನೆಯ ಜಿಆರ್‌ಎನ್ ನಂಬರ್ ಮತ್ತು ಕೊನೆಯ ಡಿಸ್ಪ್ಯಾಚ್ ನಂಬರ್ ಬರೆದುಕೊಳ್ಳುತ್ತಾರೆ, ನಾವೂ ಬರೆದುಕೊಂಡಿದ್ದೆವು. ಆದರೆ ಗೇಟ್ ರಿಜಿಸ್ಟರ್ ಯಾರೂ ನೋಡಿರಲಿಲ್ಲ. ಮಧ್ಯಾಹ್ನ ಬಂದ ಒಂದು ಲಾರಿಯ ತಾಮ್ರದ ತಂತಿ ಇಳಿದು, ರ‍್ಯಾಕ್ ಸೇರಿ, ಎಣಿಕೆಗೂ ಸಿಕ್ಕಿತು. ಜಿಆರ್‌ಎನ್ ಆಗಿದ್ದು ಮರುದಿನ, ಹೊಸ ವರ್ಷದಲ್ಲಿ. ಸ್ಟಾಕ್ ಇದೆ, ಖರೀದಿ ಇಲ್ಲ, ಲಾಭ ಉಬ್ಬಿದೆ. ಮಾಲು 31ಕ್ಕೇ ನಮ್ಮ ಕೈಸೇರಿದ್ದರಿಂದ ಅದನ್ನು ಎಣಿಸಿದ್ದು ಸರಿ, ಬಾಕಿ ಬರೆಯದಿದ್ದದ್ದು ತಪ್ಪು. 31ರ ಆಚೀಚಿನ ಕೆಲವು ಜಿಆರ್‌ಎನ್‌ಗಳನ್ನು ಗೇಟ್ ಎಂಟ್ರಿಯ ಪಕ್ಕ ಇಟ್ಟು ತಾರೀಖು ಹೋಲಿಸಿದರೆ ಇಂಥದ್ದು ಕೂಡಲೇ ಸಿಗುತ್ತದೆ. ಜಿಆರ್‌ಎನ್‌ನಲ್ಲಿ ಇರುವುದು ಕಂಪ್ಯೂಟರ್ ಮುಂದೆ ಕೂತವನಿಗೆ ಪುರುಸೊತ್ತಾದ ತಾರೀಖು. ಮಾಲು ಒಳಗೆ ಬಂದ ತಾರೀಖು ವಾಚ್‌ಮನ್ ಬರೆದದ್ದು.

ನೀವು ಮಾರಿದ ಮಾಲಿಗೂ ಇದೇ ಪರೀಕ್ಷೆ ಮಾಡಿ. 30ಕ್ಕೆ ಡಿಎಪಿಯಲ್ಲಿ ಕಳಿಸಿ, ಗ್ರಾಹಕನಿಗೆ ಹೊಸ ವರ್ಷದಲ್ಲಿ ತಲುಪಿದ ಮಾಲು ಇದ್ದರೆ ಅದು ನಿಮ್ಮ ಕೌಂಟ್ ಶೀಟಿನಲ್ಲಿ ಇರುವುದಿಲ್ಲ, ಆದರೆ ಸ್ಟಾಕ್ ನಿಮ್ಮದೇ. ಮಾರಾಟವನ್ನು ಹಿಂತೆಗೆದು, ಮಾಲನ್ನು ನಿಮ್ಮ ಖರೀದಿ ಅಥವಾ ತಯಾರಿಕಾ ವೆಚ್ಚದಲ್ಲಿ ಸೇರಿಸಿ. ಮಾರಾಟದ ಬೆಲೆಯಲ್ಲಿ ಸೇರಿಸಿದರೆ ಇನ್ನೂ ಆಗದ ವ್ಯಾಪಾರದ ಲಾಭ ಸ್ಟಾಕ್ ಒಳಗೆ ಸೇರಿಬಿಡುತ್ತದೆ.