ಮುಖಕ್ಕೆ ಅಡಿಬರಹ ಬೇಕಿಲ್ಲ, ಆದರೆ ಹೆಸರು ಎಲ್ಲಿ ಉಳಿಯುತ್ತದೆ ಎಂಬುದನ್ನು ನೋಡಿಕೊಳ್ಳಿ

ಪ್ರಶ್ನೆ: ಮನೆಯ ಹಳೆಯ ಫೋಟೋಗಳಿಗಾಗಿ ಕಂಪ್ಯೂಟರ್‌ನಲ್ಲಿ digiKam ಎಂಬ ಫೋಟೋ ಜೋಡಿಸಿಡುವ ತಂತ್ರಾಂಶ ಹಾಕಿಕೊಂಡಿದ್ದೇನೆ. ಪ್ರತಿ ಫೋಟೋಗೂ ಅಡಿಬರಹ ಬರೆಯಲೇಬೇಕೇ? ಒಮ್ಮೆ ಹೆಸರು ಕೊಟ್ಟರೆ ಮುಖಗಳನ್ನು ನೆನಪಿಟ್ಟುಕೊಳ್ಳುತ್ತದೆಯೇ?

ಮುಖ ಗುರುತಿಸಲು ಅಡಿಬರಹ ಬೇಕಿಲ್ಲ. ನೀವು ಬರೆದದ್ದನ್ನು ಆ ಕೆಲಸಕ್ಕೆ ಅದು ನೋಡುವುದೇ ಇಲ್ಲ. ಫೋಟೋದಲ್ಲಿರುವ ಮುಖವನ್ನು ಸಂಖ್ಯೆಗಳ ಸಾಲಾಗಿ ಮಾರ್ಪಡಿಸಿ, ನೀವು ಮೊದಲೇ ಹೆಸರಿಟ್ಟ ಮುಖಗಳ ಸಂಖ್ಯೆಗಳಿಗೆ ಎಷ್ಟು ಹತ್ತಿರವಿದೆ ಎಂದು ಹೋಲಿಸುತ್ತದೆ. ನೆನಪಿಟ್ಟುಕೊಳ್ಳುತ್ತದೆ ಎಂಬುದೂ ನಿಜ. ಆದರೆ ಆ ನೆನಪು ಎಲ್ಲಿರುತ್ತದೆ ಎಂದು ತಿಳಿಯದೆ ನಾನು ಒಂದು ತಿಂಗಳ ಕೆಲಸ ಕಳೆದುಕೊಂಡೆ.

ಕಲಬುರಗಿಯ ನಮ್ಮ ಮನೆಯಲ್ಲಿ ಮುತ್ಯಾನ ಕಾಲದ ಫೋಟೋಗಳು ಒಂದು ಟ್ರಂಕಿನಲ್ಲಿದ್ದವು. ಎಲ್ಲವನ್ನೂ ಸ್ಕ್ಯಾನ್ ಮಾಡಿ, ಸಂಜೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದಂತೆ ಒಂದೊಂದೇ ಮುಖಕ್ಕೆ ಹೆಸರು ಕೊಟ್ಟೆ. ಕೆಲವು ತಿಂಗಳ ನಂತರ ಕಂಪ್ಯೂಟರ್ ಕೆಟ್ಟಿತು. ಫೋಟೋಗಳ ಪ್ರತಿ ಪೆನ್‌ಡ್ರೈವ್‌ನಲ್ಲಿತ್ತು, ಹೆಸರುಗಳು ಮಾತ್ರ ಒಂದೂ ಉಳಿಯಲಿಲ್ಲ. ಹೆಸರುಗಳಿದ್ದದ್ದು `digikam4.db` ಎಂಬ ಕಡತದಲ್ಲಿ, ಮುಖದ ಸಂಖ್ಯೆಗಳಿದ್ದದ್ದು `recognition.db` ಎಂಬುದರಲ್ಲಿ. ಎರಡೂ ಹಳೆಯ ಡಿಸ್ಕ್‌ನೊಂದಿಗೆ ಹೋದವು. ಫೋಟೋಗಳ ಒಳಗೆ ಏನನ್ನೂ ಬರೆದಿರಲಿಲ್ಲ.

ಆದ್ದರಿಂದ ಮೊದಲ ಹೆಸರು ಕೊಡುವ ಮುಂಚೆಯೇ ಸೆಟ್ಟಿಂಗ್ಸ್‌ನ Metadata ಭಾಗಕ್ಕೆ ಹೋಗಿ, ಮುಖದ ಗುರುತುಗಳನ್ನೂ (Face Tags) ಅಡಿಬರಹವನ್ನೂ ಕಡತಕ್ಕೆ ಬರೆಯಬೇಕೆಂದು ಟಿಕ್ ಮಾಡಿ. ಆಗ ಹೆಸರು ಮತ್ತು ಮುಖದ ಚೌಕ ಫೋಟೋದ ಜೊತೆಯಲ್ಲೇ ಹೋಗುತ್ತವೆ. ಪರೀಕ್ಷಿಸುವುದು ಸುಲಭ: ಒಂದು ಮುಖಕ್ಕೆ ಹೆಸರಿಟ್ಟು, ಆ ಫೋಟೋವನ್ನು digiKam ಇರುವ ಇನ್ನೊಂದು ಕಂಪ್ಯೂಟರ್‌ಗೆ ಒಯ್ದು ತೆರೆಯಿರಿ. ಹೆಸರು ಕಾಣಿಸಿದರೆ ಸರಿಯಾಗಿದೆ. ನೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ನೀವು ಕೇಳದಿದ್ದರೂ ಹೇಳಬೇಕಾದ ಮಾತು: ಮುಖ ಹುಡುಕುವುದು, ಹೋಲಿಸುವುದು ಎಲ್ಲವೂ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಮೊದಲ ಸಲ ಅದಕ್ಕೆ ಬೇಕಾದ ಮಾದರಿ ಕಡತಗಳನ್ನು ಇಳಿಸಿಕೊಳ್ಳಲು ಮಾತ್ರ ಇಂಟರ್ನೆಟ್ ಬೇಕು. ಮನೆಯ ಹೆಣ್ಣುಮಕ್ಕಳ ಫೋಟೋ ಎಲ್ಲಿಗೋ ಹೋಗುತ್ತದೆ ಎಂದು ಕಾಕಾ ಹಿಂಜರಿದಾಗ ನಾನು ಕೊಟ್ಟ ಉತ್ತರ ಇದೇ.

ಗುರುತಿಸುವಿಕೆ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಒಂದು, ಮುಖ ತೀರಾ ಚಿಕ್ಕದಾಗಿದ್ದಾಗ. ನಮ್ಮಲ್ಲಿ ಮದುವೆಯ ಗುಂಪಿನ ಫೋಟೋ ಒಂದಿದೆ, ಅದರಲ್ಲಿ ಒಬ್ಬೊಬ್ಬರ ಮುಖ ಸುಮಾರು 5 ಮಿಲಿಮೀಟರ್ ಅಗಲ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಗಳಂತೆ, ಸ್ಕ್ಯಾನ್ ಮಾಡಿದರೆ ಒಂದು ಮುಖಕ್ಕೆ ಸಿಗುವುದು ಸುಮಾರು 60 ಪಿಕ್ಸೆಲ್. 600ಕ್ಕೆ ಏರಿಸಿದಾಗ 120ರ ಹತ್ತಿರ ಬಂತು, ಹಿಂದಿನ ಸಾಲಿನವರೂ ಸಿಕ್ಕರು. ಆದರೂ ರುಮಾಲು ಸುತ್ತಿ ಪಕ್ಕಕ್ಕೆ ತಿರುಗಿದ ಮುತ್ಯಾ, ಸೆರಗು ಹಣೆಯವರೆಗೆ ಎಳೆದುಕೊಂಡ ಆಯಿ ಸಿಗಲಿಲ್ಲ. ಅಂಥವರಿಗೆ ನೀವೇ ಮುಖದ ಮೇಲೆ ಚೌಕ ಎಳೆದು ಹೆಸರು ಕೊಡಬಹುದು.

ಎರಡು, ಅಣ್ಣತಮ್ಮಂದಿರು. ನಮ್ಮ ಅಪ್ಪನ ಮುಖವನ್ನು ಅದು ಪದೇ ಪದೇ ಕಾಕಾನದು ಎನ್ನುತ್ತಿತ್ತು. ತಂತ್ರಾಂಶ ಊಹಿಸಿದ ಹೆಸರುಗಳು Unconfirmed ಪಟ್ಟಿಯಲ್ಲಿ ಬಂದು ಕೂರುತ್ತವೆ. ಅವನ್ನು ಒಟ್ಟಿಗೆ ಒಪ್ಪಿಬಿಡಬೇಡಿ. ತಪ್ಪಾಗಿ ಒಪ್ಪಿದ ಮುಖ ಮುಂದಿನ ಹೋಲಿಕೆಗೆ ಮಾದರಿಯಾಗುತ್ತದೆ, ಆಮೇಲೆ ತಪ್ಪುಗಳು ಬೆಳೆಯುತ್ತಾ ಹೋಗುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ವಯಸ್ಸಿನ ಕೆಲವು ಸ್ಪಷ್ಟ ಮುಖಗಳನ್ನು ಮೊದಲು ನೀವೇ ಕೊಟ್ಟರೆ ಗೊಂದಲ ಬಹಳ ತಗ್ಗುತ್ತದೆ. ಯುವಕನ ಫೋಟೋ ಮಾತ್ರ ಕೊಟ್ಟು, ಎಂಟು ವರ್ಷದ ಹುಡುಗನನ್ನು ಹುಡುಕಿಕೊಡು ಎಂದರೆ ಅದಕ್ಕೆ ಆಗುವುದಿಲ್ಲ.

ಹಾಗಾದರೆ ಅಡಿಬರಹ ಬೇಡವೇ? ಎಲ್ಲಕ್ಕೂ ಬೇಡ, ಮುಖ ಹೇಳಲಾರದ ಸಂಗತಿ ಇರುವ ಫೋಟೋಗಳಿಗೆ ಬರೆಯಿರಿ. ಎತ್ತಿನ ಬಂಡಿಯ ಮುಂದೆ ನಿಂತ ಮುತ್ಯಾನ ಫೋಟೋ ನೋಡಿದರೆ ಅವರು ಯಾರೆಂದಷ್ಟೇ ತಂತ್ರಾಂಶ ಹೇಳೀತು. ಶರಣಬಸವೇಶ್ವರರ ಜಾತ್ರೆಗೆ ಊರಿನಿಂದ ಬಂಡಿ ಕಟ್ಟಿಕೊಂಡು ಬಂದ ದಿನ ಅದು ಎಂದು ಬಲ್ಲವರು ನಮ್ಮ ಮನೆಯಲ್ಲಿ ಅವ್ವ ಒಬ್ಬರೇ. ಅವರು ಹೇಳಿದ ಮಾತನ್ನೇ ಬರೆದಿಟ್ಟಿದ್ದೇನೆ.

ಬರೆಯುವಾಗ ಯುನಿಕೋಡ್ ಕನ್ನಡವನ್ನೇ ಬಳಸಿ. ಮೊದಲು ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದ್ದೆ, ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯುನಿಕೋಡ್‌ಗೆ ಬದಲಿಸಿ ಮತ್ತೆ ಹಾಕಿದ ಮೇಲೆ, ಹುಡುಕುವ ಜಾಗದಲ್ಲಿ ‘ಬಂಡಿ’ ಎಂದು ಬರೆದರೆ ಆ ಫೋಟೋ ಬರುತ್ತಿದೆ.