ಹಾರ್ನ್ ಕೇಳಿ ಓಡುವ ಬೆಕ್ಕು: ಕ್ಲಾಸಿಕಲ್ಲೋ, ಆಪರೆಂಟೋ?

"ಕಾರವಾರದ ನಮ್ಮ ಓಣಿಗೆ ಮೀನಿನ ಗಾಡಿ ಬಂದು ಹಾರ್ನ್ ಹೊಡೆದರೆ ಸಾಕು, ಬೆಕ್ಕು ಗೇಟಿಗೆ ಓಡಿ ಕೂಗುತ್ತದೆ, ಮೀನಿನ ತಲೆ ಸಿಗುತ್ತದೆ. ಇದು ಕ್ಲಾಸಿಕಲ್ ಕಂಡೀಷನಿಂಗ್ ಅಲ್ವಾ? ಕೀ ಉತ್ತರದಲ್ಲಿ ಆಪರೆಂಟ್ ಅಂತಿದೆ."

ಕೀ ಉತ್ತರ ಸರಿ ಇದೆ. ಪ್ರಶ್ನೆಯಲ್ಲಿ ಹಾರ್ನ್‌ನಂಥ ಸದ್ದು ಕಂಡ ಕೂಡಲೇ, ಊಟದ ಸೂಚನೆಯ ಸದ್ದಿಗೇ ಜೊಲ್ಲು ಸುರಿಸುವುದನ್ನು ಕಲಿತ ಪಾವ್ಲೋವ್‌ನ ನಾಯಿ ನೆನಪಾಗುತ್ತದೆ, ಜಾಸ್ತಿ ಜನ ಎಡವುವುದು ಅಲ್ಲೇ. ಬೆಕ್ಕು ಜಗಲಿಯಲ್ಲಿ ಸುಮ್ನೆ ಮಲಗಿದ್ದರೂ ಮೀನು ಸಿಗುತ್ತಿತ್ತಾ ಅಂತ ಕೇಳಿ ನೋಡಿ. ಇಲ್ಲ. ಗೇಟಿಗೆ ಹೋಗಿ ಕೂಗಿದರಷ್ಟೇ ಮೀನಿನವರು ಬಂಗಡೆ ತಲೆ ಎಸೆಯುತ್ತಾರೆ. ಓಡಿದ್ದಕ್ಕೆ ಫಲ ಸಿಕ್ಕಿತು, ಹಾಗಾಗಿ ಓಟ ಗಟ್ಟಿಯಾಯಿತು. ಇದು ಆಪರೆಂಟ್. ಇಲ್ಲಿ ಹಾರ್ನ್ ಕೆಲಸ ಏನೆಂದರೆ, ಈಗ ಓಡಿದರೆ ಲಾಭವಿದೆ ಅಂತ ತಿಳಿಸುವುದು. ಪುಸ್ತಕದಲ್ಲಿ ಇದನ್ನೇ ಡಿಸ್ಕ್ರಿಮಿನೇಟಿವ್ ಸ್ಟಿಮ್ಯುಲಸ್ ಅನ್ನುತ್ತಾರೆ.

ಆದರೆ ಅದೇ ಹಾರ್ನ್‌ಗೆ ಬೆಕ್ಕಿನ ಬಾಯಲ್ಲಿ ನೀರೂರಿದರೆ ಅದು ಕ್ಲಾಸಿಕಲ್, ಯಾಕೆಂದರೆ ಹಾರ್ನ್ ಹಿಂದೆ ಮೀನು ಬಂದು ಬಂದು ಜೊಲ್ಲು ತಾನಾಗೇ ಸುರಿಯುತ್ತದೆ, ಜೊಲ್ಲು ಸುರಿಸಿದ್ದಕ್ಕೆ ಮೀನು ಸಿಗುವುದಲ್ಲ. ಪ್ರಶ್ನೆಯಲ್ಲಿ ಓಟದ ಬದಲು ಜೊಲ್ಲು ಅಂತಿದ್ದರೆ ನಿಮ್ಮ ಉತ್ತರವೇ ಸರಿಯಾಗುತ್ತಿತ್ತು.

ಅನುಮಾನ ಉಳಿದರೆ ಮೀನು ಸಿಗುವ ನಿಯಮವನ್ನೇ ತಿರುಗಿಸಿ ಯೋಚಿಸಿ: ಹಾರ್ನ್ ಆದ ಮೇಲೆ ಬೆಕ್ಕು ಜಗಲಿ ಬಿಟ್ಟು ಕದಲದಿದ್ದರೆ ಮಾತ್ರ ಮೀನು. ಓಟ ಬರಬರುತ್ತಾ ಕಡಿಮೆಯಾಗುತ್ತದೆ. ಜೊಲ್ಲು ಮಾತ್ರ ಹಾಗೇ ಉಳಿಯುತ್ತದೆ, ಯಾಕೆಂದರೆ ಹಾರ್ನ್ ಹಿಂದೆ ಮೀನು ಬರುತ್ತಲೇ ಇದೆಯಲ್ಲ.